ಮೂರು ಗಂಟೆಗೆ ಹಾರಿಹೋಗುವ ನಿದ್ದೆ

‘ಮಲಗಿದ ಕೂಡಲೇ ಕಣ್ಣು ಹತ್ತುತ್ತೆ, ಅದಕ್ಕೇನೂ ತೊಂದರೆ ಇಲ್ಲ. ಆದರೆ ಮೂರು ಗಂಟೆಗೆ ಎಚ್ಚರ ಆಗಿಬಿಡುತ್ತೆ. ಆಮೇಲೆ ಎಷ್ಟು ಹೊರಳಾಡಿದರೂ ಅಷ್ಟೇ.’ ನಲವತ್ತೈದು ದಾಟಿದವರು ನಾಲ್ಕು ಜನ ಸೇರಿದ ಕಡೆ ಈ ಮಾತು ಬಂದೇ ಬರುತ್ತದೆ. ಅದರ ಹಿಂದೆಯೇ ಕಾರಣಗಳೂ ಬರುತ್ತವೆ. ಆ ಹೊತ್ತಿಗೆ ಎಚ್ಚರವಾದರೆ ಲಿವರ್ ದೋಷ ಎಂದು ವಾಟ್ಸ್ಆ್ಯಪ್‌ನಲ್ಲಿ ಬಂದಿರುತ್ತದೆ. ಬ್ರಾಹ್ಮೀ ಮುಹೂರ್ತ, ಒಳ್ಳೆಯದೇ, ಎದ್ದು ಜಪ ಮಾಡಿ ಎಂದು ಇನ್ನೊಬ್ಬರು ಹೇಳುತ್ತಾರೆ. ಆ ಮುಹೂರ್ತ ಇರುವುದು ಸೂರ್ಯೋದಯಕ್ಕೆ ಸುಮಾರು ಒಂದೂವರೆ ತಾಸು ಮೊದಲು, ಅಂದರೆ ನಮ್ಮ ಕಡೆ ನಾಲ್ಕೂವರೆಯ ಆಸುಪಾಸಿಗೆ. ಮೂರು ಗಂಟೆಗೂ ಅದಕ್ಕೂ ಸಂಬಂಧವಿಲ್ಲ, ಲಿವರ್‌ಗೂ ಇಲ್ಲ. ಆದರೆ ಇಷ್ಟೊಂದು ಜನ ಬೇರೆ ಹೊತ್ತು ಬಿಟ್ಟು ಅದೇ ಹೊತ್ತನ್ನು ಹೇಳುವುದು ಕಾಕತಾಳೀಯವಂತೂ ಅಲ್ಲ.

ನಮ್ಮನ್ನು ನಿದ್ದೆಗೆ ಎಳೆಯುವ ಬಲಗಳು ಎರಡು. ಇವನ್ನು ಒಂದೇ ಲೆಕ್ಕದಲ್ಲಿ ಕೂಡಿಸಿ ತೋರಿಸಿದವರು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ವಿಜ್ಞಾನಿ ಅಲೆಕ್ಸಾಂಡರ್ ಬೊರ್ಬೆಲಿ, 1982ರಲ್ಲಿ. ಮೊದಲನೆಯದು ನಿದ್ದೆಯ ಹಸಿವು. ಎಚ್ಚರವಾಗಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೋಸಿನ್ ಎಂಬ ವಸ್ತು ಕೂಡುತ್ತಾ ಹೋಗುತ್ತದೆ, ಅದರ ಜೊತೆಗೇ ಹಸಿವೂ ಏರುತ್ತದೆ. ಮಲಗಿದ ಮೇಲೆ ಇಳಿಯುತ್ತದೆ. ಸಂಜೆ ಎರಡು ವಡೆ ತಿಂದವನಿಗೆ ರಾತ್ರಿ ಊಟ ಸೇರುವುದಿಲ್ಲವಲ್ಲ, ಹಾಗೆ ಏಳು ಗಂಟೆಗೆ ಟಿವಿ ಮುಂದೆ ಅರ್ಧ ತಾಸು ತೂಕಡಿಸಿದವನ ನಿದ್ದೆಯ ಹಸಿವು ಅಷ್ಟರಮಟ್ಟಿಗೆ ಕಡಿಮೆಯಾಗಿರುತ್ತದೆ. ಎರಡನೆಯದು ದೇಹದ ಗಡಿಯಾರ. ಮಲಗಿದ್ದೀರೋ ಕೂತಿದ್ದೀರೋ ಎಂದು ಕೇಳದೆ ಅದು ತನ್ನ ಪಾಡಿಗೆ ನಡೆಯುತ್ತದೆ. ಸಂಜೆಯಾದ ಮೇಲೆ ಮೆಲಟೋನಿನ್ ಏರಿಸುತ್ತದೆ, ಮೈಯ ಶಾಖವನ್ನು ನಿಧಾನವಾಗಿ ಇಳಿಸುತ್ತದೆ, ಬೆಳಗಾಗುವ ಮುಂಚೆ ಮತ್ತೆ ಏರಿಸಲು ತೊಡಗುತ್ತದೆ.

ಈಗ ರಾತ್ರಿ ಹತ್ತೂವರೆಗೆ ನಿದ್ದೆ ಹೋದವರನ್ನು ತೆಗೆದುಕೊಳ್ಳಿ. ನಿದ್ದೆ ಒಂದೇ ಸಮನೆ ಇರುವುದಿಲ್ಲ. ಹಗುರ ನಿದ್ದೆ, ಗಾಢ ನಿದ್ದೆ, ಕನಸಿನ ನಿದ್ದೆ ಎಂದು ಹೆಚ್ಚುಕಡಿಮೆ ಒಂದೂವರೆ ತಾಸಿಗೊಂದು ಸುತ್ತು ಬರುತ್ತದೆ. ಗಾಢ ನಿದ್ದೆಯ ಬಹುಪಾಲು ಮೊದಲ ಎರಡು ಸುತ್ತುಗಳಲ್ಲೇ ಮುಗಿಯುತ್ತದೆ. ಪಕ್ಕದಲ್ಲಿ ಪಾತ್ರೆ ಬಿದ್ದರೂ ಗೊತ್ತಾಗದ ನಿದ್ದೆ ಅದು. ಮೂರನೆಯ ಸುತ್ತು ಮುಗಿಯುವ ಹೊತ್ತಿಗೆ ಗಡಿಯಾರದಲ್ಲಿ ಮೂರರ ಸುಮಾರು. ನಿದ್ದೆಯ ಹಸಿವು ಅರ್ಧಕ್ಕಿಂತ ಹೆಚ್ಚು ತೀರಿದೆ. ಉಳಿದಿರುವುದು ಹಗುರ ನಿದ್ದೆ ಮತ್ತು ಕನಸಿನ ನಿದ್ದೆ. ಅಷ್ಟರಲ್ಲಿ ದೇಹದ ಗಡಿಯಾರ ಬೆಳಗಿನ ಸಿದ್ಧತೆಗೆ ಇಳಿದಿರುತ್ತದೆ: ನಮ್ಮನ್ನು ಚುರುಕುಗೊಳಿಸುವ ಕಾರ್ಟಿಸಾಲ್ ರಾತ್ರಿಯ ಎರಡನೆಯ ಅರ್ಧದಲ್ಲಿ ಏರತೊಡಗಿ, ಎದ್ದ ಅರ್ಧ ತಾಸಿಗೆ ತುದಿ ಮುಟ್ಟುತ್ತದೆ. ಒಂದು ಬಲ ಸೋತಿದೆ, ಇನ್ನೊಂದೇ ನಿದ್ದೆಯನ್ನು ಹಿಡಿದುಕೊಂಡಿದೆ. ಇಡೀ ರಾತ್ರಿಯಲ್ಲಿ ನಿದ್ದೆ ಅತ್ಯಂತ ತೆಳುವಾಗಿರುವ ಹೊತ್ತುಗಳಲ್ಲಿ ಇದೊಂದು. ಮೂರು ಎನ್ನುವುದರಲ್ಲಿ ಮಹತ್ವವೇನಿಲ್ಲ, ಮಲಗಿ ನಾಲ್ಕೂವರೆ ತಾಸಾಗಿದೆ ಎನ್ನುವುದರಲ್ಲಿದೆ. ಹನ್ನೆರಡೂವರೆಗೆ ಮಲಗುವವರು ಇದೇ ದೂರನ್ನು ‘ಐದು ಗಂಟೆಗೆ’ ಎಂದು ಹೇಳುತ್ತಾರೆ. ಅದು ಏಳುವ ಹೊತ್ತಿಗೆ ಹತ್ತಿರವಾದ್ದರಿಂದ ಯಾರೂ ಅದನ್ನು ಕಾಯಿಲೆ ಎಂದುಕೊಳ್ಳುವುದಿಲ್ಲ.

ಹೀಗೆ ಎಚ್ಚರವಾಗುವುದು ಎಲ್ಲರಿಗೂ ಇದೆ, ಗಡದ್ದಾಗಿ ನಿದ್ದೆ ಮಾಡುತ್ತೇನೆ ಎನ್ನುವವರಿಗೂ. ತಲೆಗೆ ತಂತಿ ಅಂಟಿಸಿ ರಾತ್ರಿಯಿಡೀ ನಿದ್ದೆ ಅಳೆದರೆ, ಆರೋಗ್ಯವಂತರೂ ಹಲವು ಬಾರಿ ಕ್ಷಣಕಾಲ ಎಚ್ಚರಗೊಳ್ಳುವುದು ಕಾಣುತ್ತದೆ. ಮಗ್ಗುಲು ಬದಲಿಸುತ್ತಾರೆ, ಹೊದಿಕೆ ಎಳೆದುಕೊಳ್ಳುತ್ತಾರೆ, ಮತ್ತೆ ನಿದ್ದೆಗೆ ಜಾರುತ್ತಾರೆ. ಬೇಗ ಮುಗಿದುಹೋಗುವ ಎಚ್ಚರ ಬೆಳಿಗ್ಗೆ ನೆನಪಿನಲ್ಲೇ ಇರುವುದಿಲ್ಲ. ಹಾಗಾಗಿ ವಿಚಾರಿಸಬೇಕಾದ್ದು ಎಚ್ಚರವಾಗಿದ್ದೇಕೆ ಎಂದಲ್ಲ, ಆದ ಎಚ್ಚರ ಒಂದೂವರೆ ತಾಸು ಎಳೆದದ್ದೇಕೆ ಎಂದು.

ದಾವಣಗೆರೆಯ ಒಬ್ಬ ಬ್ಯಾಂಕ್ ನೌಕರರು ಎಂದಿಟ್ಟುಕೊಳ್ಳಿ, ವಯಸ್ಸು ಐವತ್ತನಾಲ್ಕು. ಮೊದಲು ಹನ್ನೊಂದಕ್ಕೆ ಮಲಗಿ ಆರಕ್ಕೆ ಏಳುತ್ತಿದ್ದರು. ಮಗಳ ಮದುವೆ ಗೊತ್ತಾಯಿತು. ಛತ್ರದ ಮುಂಗಡ, ಸಾಲದ ಕಾಗದ, ಅಡುಗೆಯವರು ಕೈಕೊಟ್ಟರೆ ಏನು ಗತಿ ಎನ್ನುವ ಚಿಂತೆ. ಮೂರಕ್ಕೆ ಎಚ್ಚರವಾದರೆ ಮನಸ್ಸು ಛತ್ರಕ್ಕೇ ಓಡುತ್ತಿತ್ತು. ಆ ತಿಂಗಳು ನಿದ್ದೆ ಕೆಟ್ಟಿದ್ದು ಸಹಜ. ಆದರೆ ಮದುವೆ ಚೆನ್ನಾಗಿಯೇ ಆಯಿತು, ಮಗಳು ಗಂಡನ ಮನೆಯಲ್ಲಿ ಸುಖವಾಗಿದ್ದಾಳೆ, ಆರು ತಿಂಗಳು ಕಳೆದಿದೆ. ಇವರಿಗೆ ಮಾತ್ರ ಮೂರರ ಎಚ್ಚರ ಬಿಟ್ಟಿಲ್ಲ.

ಈ ಒಗಟನ್ನು ಬಿಡಿಸಿದವರು ನ್ಯೂಯಾರ್ಕ್‌ನ ಮನಶ್ಶಾಸ್ತ್ರಜ್ಞ ಆರ್ಥರ್ ಸ್ಪೀಲ್‌ಮನ್. ನಿದ್ದೆಗೆಡುವ ಸ್ವಭಾವ ಕೆಲವರಲ್ಲಿ ಮೊದಲೇ ಇರುತ್ತದೆ. ಯಾವುದೋ ಒಂದು ಸಂಗತಿ ಅದನ್ನು ಹೊತ್ತಿಸುತ್ತದೆ. ಆಮೇಲೆ ಅದನ್ನು ಉಳಿಸಿಕೊಂಡು ಬರುವುದು ಆ ಸಂಗತಿಯಲ್ಲ, ನಿದ್ದೆ ತುಂಬಿಸಿಕೊಳ್ಳಲು ನಾವೇ ಮಾಡುವ ಉಪಾಯಗಳು ಎಂದು ಅವರು ಹೇಳಿದರು. ನಮ್ಮ ಬ್ಯಾಂಕಿನವರು ಏನು ಮಾಡಿದರು ನೋಡಿ. ಮಧ್ಯದಲ್ಲಿ ಹೋಗುವ ನಿದ್ದೆಯನ್ನು ಮುಂಚೆಯೇ ಸೇರಿಸಿಕೊಳ್ಳೋಣವೆಂದು ಒಂಬತ್ತೂವರೆಗೇ ಮಲಗತೊಡಗಿದರು. ಬೆಳಿಗ್ಗೆ ಏಳಲಾಗದೆ ಆರೂವರೆಯವರೆಗೆ ಹಾಸಿಗೆ ಹಿಡಿದರು. ಬ್ಯಾಂಕಿನಿಂದ ಬಂದವರು ಕುರ್ಚಿಯಲ್ಲೇ ತೂಕಡಿಸಿದರು. ಹಗಲಿನ ಮಂಕು ಹೋಗಲೆಂದು ಸಂಜೆ ಐದಕ್ಕೆ ಇನ್ನೊಂದು ಲೋಟ ಸ್ಟ್ರಾಂಗ್ ಕಾಫಿ ಸೇರಿತು. ಕುಡಿದ ಕಾಫಿಯ ಕೆಫೀನಿನಲ್ಲಿ ಅರ್ಧ ದೇಹದಿಂದ ಹೋಗಲು ಸುಮಾರು ಐದು ತಾಸು ಬೇಕು, ಅಂದರೆ ಇವರು ಮಲಗುವಾಗ ಇನ್ನೂ ಅರ್ಧ ಒಳಗೇ ಇದೆ. ಕೆಫೀನ್ ಕೆಲಸ ಮಾಡುವುದೇ ಅಡೆನೋಸಿನ್‌ನ ಸಂದೇಶ ಮಿದುಳಿಗೆ ಮುಟ್ಟದಂತೆ ತಡೆದು.

ಮೂರು ಗಂಟೆಗೆ ಆಗುವುದೇನು ಎಂಬುದನ್ನೂ ಹತ್ತಿರದಿಂದ ನೋಡೋಣ. ಕಣ್ಣು ಬಿಟ್ಟ ಕೂಡಲೇ ಕೈ ದಿಂಬಿನ ಪಕ್ಕದ ಫೋನಿಗೆ ಹೋಗುತ್ತದೆ. 3:07. ‘ಹೋ, ಇವತ್ತೂ ಅಷ್ಟೇ.’ ಆಮೇಲೆ ಲೆಕ್ಕ: ಈಗಲೇ ನಿದ್ದೆ ಬಂದರೆ ಮೂರು ತಾಸು ಸಿಗುತ್ತೆ, ಮೂರೂವರೆಗೆ ಬಂದರೆ ಎರಡೂವರೆ. ನಾಳೆ ಆಡಿಟ್ ಬೇರೆ ಇದೆ. ಎದೆ ಸ್ವಲ್ಪ ಜೋರಾಗಿ ಬಡಿಯುತ್ತದೆ. ಕಣ್ಣು ಬಿಗಿಯಾಗಿ ಮುಚ್ಚಿ ನಿದ್ದೆ ಬರಿಸಿಕೊಳ್ಳುವ ಪ್ರಯತ್ನ ಶುರುವಾಗುತ್ತದೆ. ಪಕ್ಕದಲ್ಲಿ ಹೆಂಡತಿ ಹೊರಳಿ, ‘ಏನ್ರೀ, ಮತ್ತೆ ಎಚ್ಚರ ಆಯ್ತಾ?’ ಎನ್ನುತ್ತಾರೆ. ನಾಲ್ಕಕ್ಕೆ ಮತ್ತೆ ಫೋನ್. ಹೀಗೆ ರಾತ್ರಿಯ ಮೇಲೆ ರಾತ್ರಿ ನಡೆದರೆ ಮಿದುಳು ಕಲಿಯುವ ಪಾಠ ಒಂದೇ: ಈ ಹಾಸಿಗೆ ಎಚ್ಚರವಾಗಿದ್ದು ಲೆಕ್ಕ ಹಾಕುವ ಜಾಗ. ಕ್ಷಣಕಾಲದ ಎಚ್ಚರ ಮುಗಿಯುವ ಮುನ್ನವೇ ಕಾವಲಿನ ವ್ಯವಸ್ಥೆ ಎದ್ದು ಕೂರುತ್ತದೆ. ಈ ಹೊತ್ತಿನ ಯೋಚನೆಗಳು ಹಗಲಿಗಿಂತ ಕಪ್ಪಾಗಿ ಕಾಣುವುದಕ್ಕೂ ಕಾರಣವಿದೆ. ಮನಸ್ಸಿನ ಉಲ್ಲಾಸಕ್ಕೂ ದಿನದ ಏರಿಳಿತವಿದ್ದು, ರಾತ್ರಿಯ ಕೊನೆಯ ಭಾಗದಲ್ಲಿ ಅದು ತಗ್ಗಿನಲ್ಲಿರುತ್ತದೆ. ಸಾಲದ ಸಮಸ್ಯೆ ಹಗಲು ಎಷ್ಟಿತ್ತೋ ಆಗಲೂ ಅಷ್ಟೇ ಇರುತ್ತದೆ, ಅದನ್ನು ಹೊರುವ ಮನಸ್ಸು ಮಾತ್ರ ಆಗ ಸೋತಿರುತ್ತದೆ. ಆ ಹೊತ್ತಿನಲ್ಲಿ ಮಾಡಿದ ತೀರ್ಮಾನಗಳನ್ನು ನಂಬಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇವರು ಒಂದು ವಾರ ನಿದ್ದೆಯ ಡೈರಿ ಬರೆಯುತ್ತಾರೆ ಎನ್ನಿ. ರಾತ್ರಿ ಗಡಿಯಾರ ನೋಡುವಂತಿಲ್ಲ, ಬೆಳಿಗ್ಗೆ ಎದ್ದು ಅಂದಾಜಿನಲ್ಲಿ ಬರೆಯಬೇಕು. ಹಾಸಿಗೆಗೆ ಹೋದದ್ದು 9:30, ಬಿಟ್ಟು ಎದ್ದದ್ದು 6:30, ಒಟ್ಟು 540 ನಿಮಿಷ. ನಿದ್ದೆ ಹತ್ತಿದ್ದು 9:50ಕ್ಕೆ, ಮೂರರವರೆಗೆ 5 ತಾಸು 10 ನಿಮಿಷ. ಆಮೇಲೆ ಮುಕ್ಕಾಲು ಐದರಿಂದ ಮುಕ್ಕಾಲು ಆರರವರೆಗೆ ಇನ್ನೊಂದು ತಾಸಿನ ಜೊಂಪು. ವಾರದ ಸರಾಸರಿ ಹೆಚ್ಚುಕಡಿಮೆ ಇಷ್ಟೇ: ನಿದ್ದೆ 370 ನಿಮಿಷ, ಎಂದರೆ 6 ತಾಸು 10 ನಿಮಿಷ. ಹಾಸಿಗೆಯಲ್ಲಿದ್ದ ಹೊತ್ತಿನಲ್ಲಿ ನಿದ್ದೆಯ ಪಾಲು ಶೇ 69ರಷ್ಟು. ಶೇ 85 ಇದ್ದರೆ ಚೆನ್ನಾಗಿದೆ ಎಂದು ಲೆಕ್ಕ. ಆರು ತಾಸಿನ ನಿದ್ದೆಯನ್ನು ಇವರು ಒಂಬತ್ತು ತಾಸಿಗೆ ಹಿಗ್ಗಿಸಿದ್ದಾರೆ. ಹಿಗ್ಗಿಸಿದ್ದು ಎಲ್ಲಿ ತೆಳುವಾಗಿತ್ತೋ ಅಲ್ಲೇ ಹರಿದಿದೆ.

ಸ್ಪೀಲ್‌ಮನ್ ಮತ್ತು ಜೊತೆಗಾರರು 1987ರಲ್ಲಿ ಪ್ರಕಟಿಸಿದ ಚಿಕಿತ್ಸೆ ಕೇಳಿದ ತಕ್ಷಣ ಯಾರಿಗೂ ಹಿಡಿಸುವುದಿಲ್ಲ. ನಿದ್ದೆ ಸಾಲದು ಎಂದು ಬಂದವರಿಗೆ ಹಾಸಿಗೆಯ ಹೊತ್ತನ್ನು ಕಡಿಮೆ ಮಾಡಿ ಎನ್ನುತ್ತದೆ ಅದು. ಈಗ ಎಷ್ಟು ನಿದ್ದೆ ಬರುತ್ತಿದೆಯೋ ಅಷ್ಟೇ ಹೊತ್ತು ಹಾಸಿಗೆ. ಆದರೆ ಐದು ತಾಸಿಗಿಂತ ಕಡಿಮೆ ಮಾಡುವಂತಿಲ್ಲ. ಏಳುವ ಹೊತ್ತನ್ನು ಮೊದಲು ಗಟ್ಟಿ ಮಾಡಬೇಕು, ಭಾನುವಾರವೂ ಅದೇ. ಇವರಿಗೆ ಆರು ಗಂಟೆ. ಅಲ್ಲಿಂದ 6 ತಾಸು 15 ನಿಮಿಷ ಹಿಂದಕ್ಕೆ ಎಣಿಸಿದರೆ ಮಲಗುವ ಹೊತ್ತು 11:45. ಸಂಜೆಯ ತೂಕಡಿಕೆ ಬಂದ್, ಮಧ್ಯಾಹ್ನದ ಮೇಲೆ ಕಾಫಿ ಬಂದ್.

ಮೊದಲ ವಾರ ನಿಜಕ್ಕೂ ಕಷ್ಟ. ಒಂಬತ್ತೂವರೆಗೇ ರೆಪ್ಪೆ ಭಾರವಾಗುತ್ತದೆ, ಸೋಫಾದಲ್ಲಿ ಒರಗಿದರೆ ಮುಗಿಯಿತು, ಹಾಗಾಗಿ ನೆಟ್ಟಗೆ ಕೂತು ಏನಾದರೂ ಕೈಕೆಲಸ ಹಚ್ಚಿಕೊಳ್ಳಬೇಕು. ನಿದ್ದೆ 5 ತಾಸು 10 ನಿಮಿಷಕ್ಕೆ ಇಳಿಯುತ್ತದೆ, ಹಗಲು ಮಂಕು ಹೆಚ್ಚುತ್ತದೆ. ಬಹಳ ಜನ ಬಿಟ್ಟುಬಿಡುವುದು ಇಲ್ಲೇ. ಆದರೆ ನಿದ್ದೆಯ ಹಸಿವು ಏರುತ್ತಿರುವುದೂ ಇಲ್ಲೇ. ಎರಡನೆಯ ವಾರ 375 ನಿಮಿಷದಲ್ಲಿ 340 ನಿಮಿಷ ನಿದ್ದೆ, ಶೇ 90 ದಾಟಿತು. ಮೂರಕ್ಕೆ ಎಚ್ಚರವಾದರೂ ಹತ್ತು ನಿಮಿಷದಲ್ಲಿ ಮತ್ತೆ ಕಣ್ಣು ಹತ್ತುತ್ತದೆ. ಶೇ 85 ದಾಟಿದ ವಾರದ ಕೊನೆಗೆ ಹದಿನೈದು ನಿಮಿಷ ಕೊಡುವುದು ನಿಯಮ, ಆದ್ದರಿಂದ ಇನ್ನು ಮೇಲೆ 11:30. ನಂತರ 11:15, ಆಮೇಲೆ 11. ಅಲ್ಲಿ 7 ತಾಸು ಹಾಸಿಗೆ, 6 ತಾಸು 20 ನಿಮಿಷ ನಿದ್ದೆ.

ಈ ಕೊನೆಯ ಅಂಕಿಯನ್ನು ಮೊದಲಿನದರ ಪಕ್ಕ ಇಡಿ. 6 ತಾಸು 10 ನಿಮಿಷ ಇದ್ದದ್ದು 6 ತಾಸು 20 ಆಯಿತು, ಅಷ್ಟೇ. ಒಟ್ಟು ನಿದ್ದೆ ಹೆಚ್ಚುಕಡಿಮೆ ಅಷ್ಟೇ ಇದೆ. ಆದರೆ ಹಾಸಿಗೆಯಲ್ಲಿ ಎಚ್ಚರವಾಗಿ ಕಳೆಯುತ್ತಿದ್ದ 2 ತಾಸು 50 ನಿಮಿಷ 40 ನಿಮಿಷಕ್ಕೆ ಇಳಿದಿದೆ. ಚಿಕಿತ್ಸೆ ಪಡೆದ ನಿಜವಾದ ರೋಗಿಗಳಲ್ಲೂ ಕಾಣುವುದು ಇದೇ ಬಗೆಯ ಬದಲಾವಣೆ: ನಿದ್ದೆಯ ಒಟ್ಟು ಹೊತ್ತು ಅಷ್ಟಾಗಿ ಹೆಚ್ಚದು, ತುಂಡು ತುಂಡಾಗಿದ್ದದ್ದು ಕೂಡಿಕೊಳ್ಳುತ್ತದೆ. ಎಂಟು ತಾಸು ಆಗಲೇಬೇಕು ಎಂಬ ಹಟ ಹಿಡಿದವರಿಗೆ ಇದು ನಿರಾಸೆ ತರಬಹುದು. ಆ ಹಟವೇ ಎಷ್ಟೋ ಜನರನ್ನು ಒಂಬತ್ತಕ್ಕೆ ಹಾಸಿಗೆಗೆ ಕಳಿಸಿ ಮೂರಕ್ಕೆ ಎಬ್ಬಿಸುತ್ತಿದೆ ಎಂದು ನನಗನ್ನಿಸುತ್ತದೆ.

ಈ ಚಿಕಿತ್ಸೆಗೆ ಜೊತೆಯಾಗಿ ಇನ್ನೊಂದಿದೆ, ರಿಚರ್ಡ್ ಬೂಟ್‌ಜಿನ್ 1972ರಲ್ಲಿ ಹೇಳಿದ್ದು. ಕಾಲು ತಾಸು ಕಳೆದಿರಬಹುದು ಎನ್ನಿಸಿದರೂ ನಿದ್ದೆ ಬಾರದಿದ್ದರೆ ಹಾಸಿಗೆ ಬಿಟ್ಟು ಏಳಬೇಕು. ಬೇರೆ ಕಡೆ ಹೋಗಿ ಮಂದ ಬೆಳಕಿನಲ್ಲಿ ಕೂತು, ಕಣ್ಣು ಕೂರುವಾಗ ಮಾತ್ರ ಮರಳಬೇಕು. ಹಾಸಿಗೆ ಎಂದರೆ ಎಚ್ಚರ ಎಂದು ಕಲಿತ ಮಿದುಳಿಗೆ ಆ ಪಾಠ ಮರೆಸಲು ಇದು. ಒಂದು ರೂಮು, ಹಾಲ್‌ನಲ್ಲಿ ಅತ್ತೆ ಮಾವ ಮಲಗಿರುವ ಮನೆಯಲ್ಲಿ ಎದ್ದು ಹೋಗುವುದೆಲ್ಲಿಗೆ? ಅಡುಗೆಮನೆಯ ಬಾಗಿಲ ಬಳಿ ಒಂದು ಕುರ್ಚಿಯನ್ನು ಸಂಜೆಯೇ ಹಾಕಿಟ್ಟಿರಬಹುದು. ಅದೂ ಆಗದಿದ್ದರೆ ಹಾಸಿಗೆಯಲ್ಲೇ ಎದ್ದು ಗೋಡೆಗೆ ಒರಗಿ ಕೂರಬಹುದು, ಮಲಗಿಕೊಂಡು ಹೋರಾಡುವುದಕ್ಕಿಂತ ಅದು ಮೇಲು. ಬೇಡವಾದ್ದು ಫೋನು. ಅದರ ಬೆಳಕಿಗಿಂತಲೂ ಅದರೊಳಗಿನ ಸುದ್ದಿ, ಆಫೀಸಿನ ಗುಂಪಿನ ಮೆಸೇಜು ನಿದ್ದೆಗೆ ಹೆಚ್ಚು ಕೇಡು. ಗಡಿಯಾರವನ್ನು ಗೋಡೆಗೆ ಮುಖ ಮಾಡಿ ತಿರುಗಿಸಿಡಿ. ಅಲಾರಂ ಇದೆಯಲ್ಲ, ಹೊತ್ತು ತಿಳಿಯಬೇಕಾದ್ದೇನೂ ಇಲ್ಲ.

ಈ ಎರಡು ಉಪಾಯ ಹಾಗೂ ನಿದ್ದೆಯ ಬಗೆಗಿನ ಭಯವನ್ನು ತಿದ್ದುವ ಮಾತುಕತೆ ಸೇರಿದ ಪದ್ಧತಿಗೆ ನಿದ್ರಾಹೀನತೆಯ ಸಿಬಿಟಿ ಎನ್ನುತ್ತಾರೆ. ವಾರಕ್ಕೆ ಮೂರು ರಾತ್ರಿಯಾದರೂ ನಿದ್ದೆ ಕೆಟ್ಟು ಮೂರು ತಿಂಗಳು ದಾಟಿದವರಿಗೆ ಗುಳಿಗೆಗಿಂತ ಮೊದಲು ಇದನ್ನೇ ಕೊಡಬೇಕೆಂದು ಅಮೆರಿಕದ ವೈದ್ಯರ ಸಂಸ್ಥೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2016ರಲ್ಲಿ ಶಿಫಾರಸು ಮಾಡಿತು. ಆದರೆ ಹಾಸಿಗೆಯ ಹೊತ್ತು ಕತ್ತರಿಸುವುದನ್ನು ಎಲ್ಲರೂ ತಾವಾಗಿ ಮಾಡುವಂತಿಲ್ಲ. ಬಸ್ಸು, ಲಾರಿ ಓಡಿಸುವವರು, ಯಂತ್ರದ ಮುಂದೆ ನಿಲ್ಲುವವರು, ಫಿಟ್ಸ್ ಇರುವವರು, ಬೈಪೋಲಾರ್ ಕಾಯಿಲೆ ಇರುವವರಿಗೆ ನಿದ್ದೆ ಕಡಿಮೆಯಾದರೆ ಅಪಾಯ. ಅವರು ವೈದ್ಯರನ್ನು ಕೇಳದೆ ಕೈಹಾಕಬಾರದು.

ಮೂರರ ಎಚ್ಚರವೆಲ್ಲ ಈ ಬ್ಯಾಂಕಿನವರದಂತೆಯೇ ಇರುವುದಿಲ್ಲ ಎನ್ನುವುದೂ ಮುಖ್ಯ. ಮೊದಲು ಅನುಮಾನಿಸಬೇಕಾದ್ದು ಉಸಿರುಕಟ್ಟುವ ಗೊರಕೆಯನ್ನು. ಕನಸಿನ ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಇನ್ನಷ್ಟು ಸಡಿಲವಾಗುತ್ತವೆ, ಆ ನಿದ್ದೆ ಹೆಚ್ಚಿರುವುದು ರಾತ್ರಿಯ ಎರಡನೆಯ ಅರ್ಧದಲ್ಲಿ. ಉಸಿರು ಕಟ್ಟುತ್ತದೆ, ಮಿದುಳು ಗಾಬರಿಯಿಂದ ಎಬ್ಬಿಸುತ್ತದೆ. ಮಲಗಿದ್ದವರಿಗೆ ತಿಳಿಯುವುದು ಎಚ್ಚರವಾಯಿತು, ಮೂತ್ರಕ್ಕೆ ಹೋಗಬೇಕು ಎಂದಷ್ಟೇ. ಇವರ ಗೊರಕೆ ನಡುವೆ ನಿಂತು, ಆಮೇಲೆ ಒಮ್ಮೆಲೇ ಜೋರಾಗಿ ಉಸಿರೆಳೆದುಕೊಳ್ಳುತ್ತಾರೆ ಎಂದು ಮನೆಯವರು ಹೇಳಿದರೆ, ಬೆಳಿಗ್ಗೆ ಬಾಯಿ ಒಣಗಿ ತಲೆ ಭಾರವಿದ್ದರೆ, ಹಗಲು ಕೂತಲ್ಲೇ ನಿದ್ದೆ ಹತ್ತುತ್ತಿದ್ದರೆ ಆಸ್ಪತ್ರೆಯಲ್ಲಿ ಸ್ಲೀಪ್ ಸ್ಟಡಿ ಮಾಡಿಸಬೇಕು. ಇಂಥವರಿಗೆ ನಿದ್ದೆ ಗುಳಿಗೆ ಕೊಟ್ಟರೆ ಗಂಟಲು ಮತ್ತಷ್ಟು ಸಡಿಲವಾಗಬಹುದು. ಬರೀ ಮೂತ್ರಕ್ಕೇ ಪದೇ ಪದೇ ಏಳುತ್ತಿದ್ದರೆ ಸಕ್ಕರೆ ಕಾಯಿಲೆ, ಪ್ರೊಸ್ಟೇಟ್, ಸಂಜೆ ನುಂಗುವ ಬಿಪಿ ಗುಳಿಗೆಯಲ್ಲಿ ಮೂತ್ರ ಹೆಚ್ಚಿಸುವ ಅಂಶ ಇದೆಯೇ ಎಂಬುದನ್ನು ನೋಡಬೇಕು. ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸರಲ್ಲಿ ಮೈಗೆ ಒಮ್ಮೆಲೇ ಸೆಕೆ ಏರಿ, ಬೆವೆತು ಎಚ್ಚರವಾಗುವುದು ಸಾಮಾನ್ಯ. ‘ವಯಸ್ಸಾಯ್ತಲ್ಲಮ್ಮ’ ಎಂದು ಅದನ್ನು ತಳ್ಳಿಹಾಕುವವರೇ ಹೆಚ್ಚು, ಆದರೆ ಅದಕ್ಕೆ ಚಿಕಿತ್ಸೆ ಇದೆ.

ರಾತ್ರಿ ಎರಡು ಪೆಗ್ ಹಾಕಿ ಮಲಗುವವರ ಕತೆ ಬೇರೆ. ಮದ್ಯ ಬೇಗ ನಿದ್ದೆ ಹತ್ತಿಸುತ್ತದೆ ನಿಜ. ಕೆಲವು ತಾಸಿನಲ್ಲಿ ರಕ್ತದಿಂದ ಇಳಿದಾಗ ಅದು ಅದುಮಿಟ್ಟಿದ್ದೆಲ್ಲ ಎದ್ದುಬರುತ್ತದೆ: ಕೆಟ್ಟ ಕನಸು, ಬೆವರು, ಬಾಯಾರಿಕೆ, ಎದೆಬಡಿತ. ಅದರ ಹೊತ್ತೂ ಮೂರರ ಸುಮಾರೇ.

‘ಅಪ್ಪ ಮೂರೂವರೆಗೇ ಎದ್ದು ಓಡಾಡ್ತಾರೆ, ನಮಗೂ ನಿದ್ದೆ ಇಲ್ಲ’ ಎನ್ನುವ ಮನೆಗಳಲ್ಲಿ ಅಪ್ಪ ಮಲಗುವುದು ಎಷ್ಟು ಹೊತ್ತಿಗೆ ಎಂದು ಕೇಳಿ. ಎಂಟೂವರೆಗೆ ಊಟ ಮುಗಿಸಿ ಮಲಗಿದವರು ಮೂರೂವರೆಗೆ ಎದ್ದರೆ ಏಳು ತಾಸಾಯಿತು. ವಯಸ್ಸಾದಂತೆ ದೇಹದ ಗಡಿಯಾರ ಮುಂದೋಡುವುದು ಕಾಯಿಲೆಯಲ್ಲ. ಮನೆಯವರ ಹೊತ್ತಿಗೆ ಹೊಂದಿಸಬೇಕೆಂದರೆ ಸಂಜೆಯ ಬೆಳಕು ಸಹಾಯ ಮಾಡುತ್ತದೆ. ಐದೂವರೆಯಿಂದ ಕತ್ತಲಾಗುವವರೆಗೆ ಅವರು ಹೊರಗೆ ನಡೆದಾಡಲಿ, ಮನೆಯ ದೀಪಗಳು ಎಂಟರವರೆಗೆ ಜೋರಾಗಿರಲಿ, ಮಲಗುವುದನ್ನು ದಿನಕ್ಕಿಷ್ಟು ಎಂದು ಮುಂದೆ ಹಾಕಲಿ.

ನಿರ್ಲಕ್ಷಿಸಬಾರದ ಇನ್ನೊಂದು ಬಗೆಯಿದೆ. ಮಾಮೂಲಿಗಿಂತ ಎರಡು ತಾಸು ಮೊದಲೇ ಎಚ್ಚರ, ಬೆಳಗಿನ ಹೊತ್ತೇ ದಿನದಲ್ಲಿ ಎಲ್ಲಕ್ಕಿಂತ ಭಾರ, ಸಂಜೆಗೆ ಸ್ವಲ್ಪ ಹಗುರ, ಊಟ ಸೇರದು, ತೂಕ ಇಳಿಯುತ್ತಿದೆ, ಮೊದಲು ಇಷ್ಟವಾಗುತ್ತಿದ್ದ ಯಾವುದರಲ್ಲೂ ಮನಸ್ಸಿಲ್ಲ. ಎರಡು ವಾರಕ್ಕೂ ಮೀರಿ ಹೀಗಿದ್ದರೆ ಇದು ನಿದ್ದೆಯ ಸಮಸ್ಯೆಯಷ್ಟೇ ಅಲ್ಲ, ಖಿನ್ನತೆ ಇರಬಹುದು. ಡೈರಿ, ಲೆಕ್ಕ ಎಂದು ಕಾಯದೆ ವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಬದುಕುವುದೇ ಬೇಡ ಎಂಬ ಯೋಚನೆ ಬಂದವರು ಬೆಳಗಾಗುವವರೆಗೂ ಕಾಯಬಾರದು, ಪಕ್ಕದಲ್ಲಿ ಮಲಗಿದವರನ್ನು ಎಬ್ಬಿಸಿ ಹೇಳಬೇಕು.

ಕೊನೆಗೆ ಗುಳಿಗೆಯ ಮಾತು. ಅಲ್‌ಪ್ರಜೋಲಾಮ್‌ನಂಥ ಗುಳಿಗೆಯನ್ನು ಯಾರಿಗೋ ಬರೆದುಕೊಟ್ಟ ಚೀಟಿ ತೋರಿಸಿ ತಂದು, ಮನೆಮಂದಿ ಹಂಚಿಕೊಂಡು ನುಂಗುವುದನ್ನು ಎಷ್ಟೋ ಕಡೆ ನೋಡುತ್ತೇವೆ. ಕೆಲವು ದಿನಗಳ ಮಟ್ಟಿಗೆ, ವೈದ್ಯರ ಕಣ್ಣಳತೆಯಲ್ಲಿ ಅದಕ್ಕೆ ಉಪಯೋಗವಿದೆ. ವಾರಗಟ್ಟಲೆ ನುಂಗಿದರೆ ಅದೇ ಪ್ರಮಾಣ ಸಾಲದಾಗುತ್ತದೆ, ವಯಸ್ಸಾದವರು ರಾತ್ರಿ ಬಚ್ಚಲಿಗೆ ಹೋಗುವಾಗ ಜೋಲಿ ಹೊಡೆದು ಬಿದ್ದು ಸೊಂಟ ಮುರಿದುಕೊಳ್ಳುವ ಅಪಾಯ ಹೆಚ್ಚುತ್ತದೆ. ಹಾಗೆಂದು ಈ ಲೇಖನ ಓದಿ ಇವತ್ತೇ ಗುಳಿಗೆ ನಿಲ್ಲಿಸಲೂಬೇಡಿ. ಬಹಳ ದಿನ ತೆಗೆದುಕೊಂಡು ಒಮ್ಮೆಲೇ ಬಿಟ್ಟರೆ ನಿದ್ದೆ ಮೊದಲಿಗಿಂತ ಕೆಡುತ್ತದೆ, ಕೈ ನಡುಗುತ್ತದೆ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಬರೆದುಕೊಟ್ಟ ವೈದ್ಯರ ಬಳಿಗೇ ಹೋಗಿ, ಪ್ರಮಾಣವನ್ನು ವಾರಗಳ ಮೇಲೆ ಸ್ವಲ್ಪ ಸ್ವಲ್ಪವಾಗಿ ಇಳಿಸಿಕೊಳ್ಳಬೇಕು. ಹೋಗುವಾಗ ಒಂದು ವಾರದ ನಿದ್ದೆಯ ಡೈರಿ ಜೊತೆಗಿರಲಿ. ‘ನಿದ್ದೆಯೇ ಬರಲ್ಲ ಡಾಕ್ಟ್ರೇ’ ಎನ್ನುವುದಕ್ಕಿಂತ, ಎಷ್ಟಕ್ಕೆ ಮಲಗಿದಿರಿ, ಎಷ್ಟಕ್ಕೆ ಎದ್ದಿರಿ, ನಡುವೆ ಎಷ್ಟು ಹೊತ್ತು ಎಚ್ಚರವಿತ್ತು ಎಂಬ ಏಳು ಸಾಲು ಅವರಿಗೆ ಹೆಚ್ಚು ಹೇಳುತ್ತವೆ.